ಸಂಕ್ಷಿಪ್ತ ನೋಟ್ಸನ್ನು ಮೂಲ ಅಧ್ಯಾಯದೊಂದಿಗೆ ತಾಳೆ ನೋಡುವುದು ಹೇಗೆ? 22ನೇ ವಿಧಿಯ ನಾಲ್ಕು ಸಾಲಿನ ಉದಾಹರಣೆ

ತುಮಕೂರಿನಲ್ಲಿ ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವವರ ಕೈಯಲ್ಲಿ ದಪ್ಪ ಪುಸ್ತಕಕ್ಕಿಂತ ಜೆರಾಕ್ಸ್ ನೋಟ್ಸೇ ಹೆಚ್ಚು. ಇಪ್ಪತ್ತು ಪುಟದ ಅಧ್ಯಾಯವನ್ನು ಯಾರೋ ಮೂರು ಪುಟಕ್ಕೆ ಇಳಿಸಿರುತ್ತಾರೆ. ಅದನ್ನು ಗುಬ್ಬಿಯವರು ಶಿರಾದವರಿಗೆ ಕೊಡುತ್ತಾರೆ, ಶಿರಾದವರು ಮಧುಗಿರಿಗೆ ದಾಟಿಸುತ್ತಾರೆ. ಇಂಥ ನೋಟ್ಸಿನಲ್ಲಿ ಇಸವಿಯೋ ಹೆಸರೋ ತಪ್ಪಿದ್ದರೆ ಯಾರಾದರೂ ಹಿಡಿಯುತ್ತಾರೆ. ಯಾರ ಕಣ್ಣಿಗೂ ಬೀಳದ ತಪ್ಪು ಬೇರೆ ಜಾತಿಯದು. ಸಾಲಿನಲ್ಲಿ ಬರೆದದ್ದೆಲ್ಲ ಹೆಚ್ಚುಕಡಿಮೆ ಸರಿಯೇ ಇರುತ್ತದೆ, ಆದರೆ ಮೂಲದಲ್ಲಿ ಆ ಮಾತಿಗಿದ್ದ ಷರತ್ತು, ವಿನಾಯಿತಿ, ಮಿತಿ ಕಾಣೆಯಾಗಿರುತ್ತದೆ. "ಕೆಳಗಿನ ಹೇಳಿಕೆಗಳಲ್ಲಿ ಯಾವುದು ಸರಿ" ಎಂಬ ಮಾದರಿಯ ಪ್ರಶ್ನೆ ಹುಟ್ಟುವುದು ಆ ಷರತ್ತುಗಳಿಂದಲೇ ಎಂಬುದು ಪರೀಕ್ಷೆ ಬರೆದವರಿಗೆಲ್ಲ ಗೊತ್ತು.

ಇಂಥ ನೋಟ್ಸನ್ನು ಮೂಲದೊಂದಿಗೆ ತಾಳೆ ನೋಡುವ ಕ್ರಮವೊಂದನ್ನು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಮೂಲಭೂತ ಹಕ್ಕುಗಳ ಅಧ್ಯಾಯವನ್ನು, ಅದರಲ್ಲೂ ಮುಖ್ಯವಾಗಿ ಸಂವಿಧಾನದ 22ನೇ ವಿಧಿಯನ್ನು ತೆಗೆದುಕೊಂಡಿದ್ದೇನೆ. ಆ ಒಂದು ವಿಧಿಯಲ್ಲೇ ಷರತ್ತು ಕಳೆಯುವ ಬಗೆಗಳೆಲ್ಲ ಸಿಗುತ್ತವೆ.

ಮೊದಲು ಮೂಲ, ಆಮೇಲೆ ನೋಟ್ಸ್

ಸಾಮಾನ್ಯವಾಗಿ ಜನ ಮಾಡುವುದು ಇದರ ತಿರುಗುಮುರುಗು. ನೋಟ್ಸಿನ ಒಂದು ಸಾಲು ಓದಿ, ಪುಸ್ತಕ ತೆರೆದು, "ಹೌದು, ಇದು ಇದೆ" ಎಂದು ಟಿಕ್ ಹಾಕುತ್ತಾರೆ. ಹೀಗೆ ಮಾಡಿದರೆ ನೋಟ್ಸಿನಲ್ಲಿ ಇರುವುದು ಸರಿಯೇ ಎಂದಷ್ಟೇ ಗೊತ್ತಾಗುತ್ತದೆ. ಇಲ್ಲದ್ದು ಯಾವುದು ಎಂದು ಗೊತ್ತಾಗುವುದಿಲ್ಲ, ಏಕೆಂದರೆ ಇಲ್ಲದ್ದಕ್ಕೆ ಟಿಕ್ ಹಾಕುವ ಪ್ರಮೇಯವೇ ಬರುವುದಿಲ್ಲ. ನೋಟ್ಸನ್ನು ಮೊದಲು ಓದಿದವರ ಕಣ್ಣು ಮೂಲದಲ್ಲೂ ಅಷ್ಟನ್ನೇ ಹುಡುಕಿ ಮುಂದೆ ಹೋಗುತ್ತದೆ.

ಹಾಗಾಗಿ ನೋಟ್ಸನ್ನು ಮಡಿಸಿ ಬ್ಯಾಗಿಗೆ ಹಾಕಿ, ಮೂಲ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ. ಅಡಿಗೆರೆ ಎಳೆಯಬೇಕಾದದ್ದು ಮುಖ್ಯ ವಿಷಯಕ್ಕಲ್ಲ, ಅದನ್ನು ಕಟ್ಟಿಹಾಕುವ ಮಾತಿಗೆ. ಹೊರತು, ಬಿಟ್ಟು, ಒಳಪಟ್ಟು, ಆದರೆ, ಮಾತ್ರ, ಸಾಮಾನ್ಯವಾಗಿ, ಬಹುದು ಇವು ಸುಲಭವಾಗಿ ಕಾಣುತ್ತವೆ. ಕಣ್ತಪ್ಪಿಸುವವು ಪ್ರತ್ಯಯಗಳು: "ಅಪ್ಪಣೆಯಿಲ್ಲದೆ", "ಮೀರಿ", "ಮುಗಿಯುವ ಮೊದಲೇ". ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಷರತ್ತು ನಡುವೆ ಉದ್ದವಾಗಿ ಕೂತಿರುತ್ತದೆ. ಚಿಕ್ಕದು ಮಾಡಲು ಕೂತವರು ಕರ್ತೃವನ್ನೂ ಕೊನೆಯ ಕ್ರಿಯಾಪದವನ್ನೂ ಉಳಿಸಿ ನಡುವಿನದನ್ನು ಕತ್ತರಿಸುತ್ತಾರೆ. ವ್ಯಾಕರಣಕ್ಕೆ ಏನೂ ಧಕ್ಕೆಯಾಗಿರುವುದಿಲ್ಲ, ಅದಕ್ಕೇ ಅನುಮಾನವೂ ಬರುವುದಿಲ್ಲ.

22ನೇ ವಿಧಿಯ ಮೊದಲ ನಾಲ್ಕು ಉಪವಿಧಿಗಳ ಸಾರವನ್ನು, ನಾಲ್ಕನೆಯದರಲ್ಲಿ ಬರುವ ಸಂಸತ್ತಿನ ಪ್ರತ್ಯೇಕ ಕಾನೂನಿನ ಮಾತೊಂದನ್ನು ಬದಿಗಿಟ್ಟು ಮುಖ್ಯ ಷರತ್ತು ಯಾವುದನ್ನೂ ಬಿಡದೆ, ನನ್ನ ಮಾತಿನಲ್ಲಿ ಹೀಗೆ ಹೇಳಬಹುದು:

ಉಪವಿಧಿ 1: ದಸ್ತಗಿರಿಯಾದವರಿಗೆ ಅದರ ಕಾರಣವನ್ನು ಆದಷ್ಟು ಬೇಗ ತಿಳಿಸದೆ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ತಮಗೆ ಬೇಕಾದ ವಕೀಲರನ್ನು ಕಂಡು ಮಾತಾಡುವ, ಅವರ ಮೂಲಕ ವಾದ ಮಂಡಿಸುವ ಹಕ್ಕನ್ನು ನಿರಾಕರಿಸುವಂತಿಲ್ಲ.

ಉಪವಿಧಿ 2: ದಸ್ತಗಿರಿ ಮಾಡಿ ವಶದಲ್ಲಿಟ್ಟ ಪ್ರತಿಯೊಬ್ಬರನ್ನೂ, ದಸ್ತಗಿರಿಯ ಸ್ಥಳದಿಂದ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಪ್ರಯಾಣ ಮಾಡಲು ಬೇಕಾಗುವ ಸಮಯವನ್ನು ಬಿಟ್ಟು, 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಆ ಅವಧಿ ಮೀರಿ ವಶದಲ್ಲಿಡುವಂತಿಲ್ಲ.

ಉಪವಿಧಿ 3: ಮೇಲಿನ ಎರಡೂ ಉಪವಿಧಿಗಳು ಶತ್ರು ದೇಶದ ಪ್ರಜೆಗೂ, ಮುನ್ನೆಚ್ಚರಿಕೆ ಬಂಧನದ ಕಾನೂನಿನಡಿ ಬಂಧಿತರಾದವರಿಗೂ ಅನ್ವಯಿಸುವುದಿಲ್ಲ.

ಉಪವಿಧಿ 4: ಸಾಕಷ್ಟು ಕಾರಣವಿದೆ ಎಂದು ಸಲಹಾ ಮಂಡಳಿಯು 3 ತಿಂಗಳು ಮುಗಿಯುವ ಮೊದಲೇ ವರದಿ ಕೊಡದ ಹೊರತು, ಮುನ್ನೆಚ್ಚರಿಕೆ ಬಂಧನದ ಯಾವ ಕಾನೂನೂ 3 ತಿಂಗಳು ಮೀರಿದ ಬಂಧನಕ್ಕೆ ಅವಕಾಶ ಕೊಡುವಂತಿಲ್ಲ.

ಈಗ ಕಟ್ಟುವ ಮಾತುಗಳಿಗೆ ಅಂಚಿನಲ್ಲಿ ಸಂಖ್ಯೆ ಹಾಕಿ. ಪ್ರಯಾಣದ ಸಮಯ 1. "ಹತ್ತಿರದ" 2. "ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ" 3. ಶತ್ರು ದೇಶದ ಪ್ರಜೆ 4. ಮುನ್ನೆಚ್ಚರಿಕೆ ಬಂಧನ 5. "ಮೇಲಿನ ಎರಡೂ ಉಪವಿಧಿಗಳು", ಅಂದರೆ ವಿನಾಯಿತಿ ಎಲ್ಲಿಯವರೆಗೆ ಚಾಚುತ್ತದೆ ಎಂಬ ಗೆರೆ, 6. ಸಲಹಾ ಮಂಡಳಿಯ ವರದಿ 7. ಪ್ರತಿ ಸಂಖ್ಯೆಯ ಪಕ್ಕ ಅದು ಯಾವ ಮಾತನ್ನು ಕಟ್ಟುತ್ತದೆ ಎಂದು ಒಂದು ಬಾಣ ಎಳೆದುಕೊಳ್ಳಿ. ಬಾಣ ಅತಿ ಅನ್ನಿಸಬಹುದು, ಆದರೆ ಸ್ವಲ್ಪ ಹೊತ್ತಿನಲ್ಲೇ ಅದು ಕೆಲಸಕ್ಕೆ ಬರುತ್ತದೆ.

ನೋಟ್ಸ್ ತೆರೆದು ಸಂಖ್ಯೆ ಹುಡುಕುವುದು

ಇಂಥ ನೋಟ್ಸಿನಲ್ಲಿ 22ನೇ ವಿಧಿ ಹೆಚ್ಚಾಗಿ ಈ ರೂಪದಲ್ಲಿ ಇರುತ್ತದೆ:

- ಬಂಧಿಸಿದ ಎಲ್ಲರನ್ನೂ 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ನಂತರ ವಶದಲ್ಲಿಡುವಂತಿಲ್ಲ.
- ಬಂಧನದ ಕಾರಣ ತಿಳಿಸಬೇಕು. ವಕೀಲರ ನೆರವು ಪಡೆಯುವ ಹಕ್ಕಿದೆ.
- ಶತ್ರು ದೇಶದವರಿಗೆ 22ನೇ ವಿಧಿ ಅನ್ವಯಿಸದು.
- ಮುನ್ನೆಚ್ಚರಿಕೆ ಬಂಧನ ಗರಿಷ್ಠ 3 ತಿಂಗಳು.

ಓದಲು ಎಷ್ಟು ಚೊಕ್ಕ! ಈಗ ಒಂದೊಂದೇ ಸಂಖ್ಯೆಯನ್ನು ಇದರಲ್ಲಿ ಹುಡುಕಿ, ಸಿಕ್ಕ ಕಡೆ ಬರೆಯಿರಿ.

1 ಎಲ್ಲೂ ಇಲ್ಲ. 2 ಇಲ್ಲ. 3 ಇಲ್ಲ, ಆದರೆ ಇದು ಬರೀ ಬಿಟ್ಟುಹೋದದ್ದಲ್ಲ. "ಅಪ್ಪಣೆಯಿಲ್ಲದೆ ವಶದಲ್ಲಿಡುವಂತಿಲ್ಲ" ಎಂಬುದರಲ್ಲಿ "ಅಪ್ಪಣೆಯಿಲ್ಲದೆ" ಬಿದ್ದುಹೋಗಿ "ವಶದಲ್ಲಿಡುವಂತಿಲ್ಲ" ಉಳಿದಿದೆ. ಷರತ್ತಿನ ನಿಷೇಧ ಸಂಪೂರ್ಣ ನಿಷೇಧವಾಗಿದೆ. ಇದನ್ನು ಓದಿದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಸಹಜವಾದದ್ದೇ: "ಸರ್, 24 ಗಂಟೆ ಆದ್ಮೇಲೆ ಬಿಟ್‌ಬಿಡ್ಬೇಕು ಅಂತ ಇದ್ಯಲ್ಲ, ಮತ್ತೆ ಪೇಪರಲ್ಲಿ ಹದಿನಾಲ್ಕು ದಿನ ನ್ಯಾಯಾಂಗ ಬಂಧನ ಅಂತ ಹೆಂಗೆ ಬರುತ್ತೆ?" ನೋಟ್ಸಿನ ಸಾಲು ನಿಜವಾಗಿದ್ದರೆ ಪತ್ರಿಕೆಯ ಸುದ್ದಿ ಸುಳ್ಳಾಗಬೇಕಿತ್ತು. ಆ ಹದಿನಾಲ್ಕು ದಿನ ಬರುವುದೇ ಮ್ಯಾಜಿಸ್ಟ್ರೇಟರ ಅಪ್ಪಣೆಯಿಂದ. ಸಾರಾಂಶದ ಒಂದು ಸಾಲು ಕಣ್ಣೆದುರಿನ ಲೋಕದೊಂದಿಗೆ ಹೀಗೆ ಡಿಕ್ಕಿ ಹೊಡೆದಾಗ, ಅಲ್ಲೊಂದು ಷರತ್ತು ಕಳೆದಿದೆ ಎಂದೇ ತಿಳಿದು ಮೂಲಕ್ಕೆ ಹೋಗಿ.

4 ಸಿಕ್ಕಿತು. 5 ಈ ಸಾಲಿನಲ್ಲಿ ಇಲ್ಲ. ಮುನ್ನೆಚ್ಚರಿಕೆ ಬಂಧನ ಎಂಬ ಮಾತು ಕೆಳಗೆ ಬಂದಿದೆ, ನಿಜ. ಆದರೆ ಅದು 24 ಗಂಟೆಯ ನಿಯಮಕ್ಕೆ ವಿನಾಯಿತಿ ಎಂದು ಎಲ್ಲೂ ಹೇಳಿಲ್ಲ. ನಿಮ್ಮ ಬಾಣ ಉಪಯೋಗಕ್ಕೆ ಬರುವುದು ಇಲ್ಲೇ. ಮಾತು ಪುಟದಲ್ಲಿ ಎಲ್ಲೋ ಇದ್ದರೆ ಸಾಲದು, ಮೂಲದಲ್ಲಿ ಯಾವ ಮಾತಿಗೆ ಕಟ್ಟಿದ್ದರೋ ಅದೇ ಮಾತಿಗೆ ನೋಟ್ಸಿನಲ್ಲೂ ಕಟ್ಟಿರಬೇಕು. ಬಾಣ ಎಳೆಯದವರು "ಮುನ್ನೆಚ್ಚರಿಕೆ ಬಂಧನ ಇದೆಯಲ್ಲ" ಎಂದು ಟಿಕ್ ಹಾಕಿ ಮುಂದೆ ಹೋಗುತ್ತಾರೆ.

6ನೆಯದು ಹಿಗ್ಗಿದೆ. ಶತ್ರು ದೇಶದ ಪ್ರಜೆಗೆ ಅನ್ವಯಿಸದಿರುವುದು 1 ಮತ್ತು 2ನೇ ಉಪವಿಧಿಗಳು ಮಾತ್ರ, ನೋಟ್ಸಿನಲ್ಲಿ ಅದು ಇಡೀ 22ನೇ ವಿಧಿಯಾಗಿದೆ. ವಿನಾಯಿತಿ ಕಳೆಯುವುದನ್ನು ಎಲ್ಲರೂ ಹುಡುಕುತ್ತಾರೆ, ಅದು ಊದಿಕೊಳ್ಳುವುದನ್ನು ಹುಡುಕುವವರು ಕಡಿಮೆ.

7ನೆಯದೇ ಇದರಲ್ಲೆಲ್ಲ ದೊಡ್ಡ ಎಡವಟ್ಟು. ಮೂಲದಲ್ಲಿ 3 ತಿಂಗಳು ಎಂಬುದು ಸಲಹಾ ಮಂಡಳಿಯ ವರದಿ ಇಲ್ಲದೆ ಹಿಡಿದಿಡಬಹುದಾದ ಮಿತಿ. ಮಂಡಳಿ ಒಪ್ಪಿದರೆ ಬಂಧನ ಮುಂದುವರಿಯಬಹುದು. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಗರಿಷ್ಠ ಅವಧಿ 12 ತಿಂಗಳು ಇರುವುದು ಹೀಗೆಯೇ. "ಇಂಥದ್ದಿಲ್ಲದೆ 3 ತಿಂಗಳು ಮೀರುವಂತಿಲ್ಲ" ಎಂಬುದರಿಂದ "ಇಂಥದ್ದಿಲ್ಲದೆ" ತೆಗೆದರೆ "ಗರಿಷ್ಠ 3 ತಿಂಗಳು" ಉಳಿಯುತ್ತದೆ. ಬರೆದವರಿಗೆ ತಾನು ಏನನ್ನಾದರೂ ಬದಲಿಸಿದೆ ಅನ್ನಿಸಿರಲಿಕ್ಕೂ ಇಲ್ಲ.

ಎರಡನೇ ಸುತ್ತು: ನೋಟ್ಸಿನಿಂದ ಮೂಲಕ್ಕೆ

ಮೊದಲ ಸುತ್ತಿನಲ್ಲಿ ಬಿಟ್ಟುಹೋದದ್ದು ಸಿಗುತ್ತದೆ, ಸೇರಿಕೊಂಡದ್ದು ಸಿಗುವುದಿಲ್ಲ. ಅದಕ್ಕೆ ಇನ್ನೊಂದು ಬಣ್ಣದ ಪೆನ್ ತೆಗೆದುಕೊಂಡು ನೋಟ್ಸಿನಲ್ಲಿರುವ ಗಟ್ಟಿ ಮಾತುಗಳಿಗೆ ಗೆರೆ ಎಳೆಯಿರಿ: ಎಲ್ಲ, ಯಾವುದೇ, ಎಂದಿಗೂ, ಕಡ್ಡಾಯ, ಗರಿಷ್ಠ, ಸಂಪೂರ್ಣ, ರದ್ದು. ಮೂಲದಲ್ಲಿ ಅಷ್ಟೇ ಗಟ್ಟಿ ಮಾತು ಇದೆಯೇ ಎಂದು ಪ್ರತಿಯೊಂದನ್ನೂ ಕೇಳಿ. ಮೇಲಿನ "ಗರಿಷ್ಠ 3 ತಿಂಗಳು" ಎಂಬ ಮಾತು ಮೂಲದ ನಾಲ್ಕನೇ ಉಪವಿಧಿಯಲ್ಲಿ ಇಲ್ಲವೇ ಇಲ್ಲ, ಸಾರಾಂಶ ಮಾಡಿದವರು ತಂದು ಸೇರಿಸಿದ್ದು. ಈ ಸುತ್ತಿನಲ್ಲಿ ಅದು ತಕ್ಷಣ ಸಿಕ್ಕಿಬೀಳುತ್ತದೆ.

ಇದೇ ಸುತ್ತಿನಲ್ಲಿ ಯಾರಿಗೆ ಎಂಬುದನ್ನೂ ನೋಡಿಬಿಡಿ. 14, 20, 21 ಮತ್ತು 22ನೇ ವಿಧಿಗಳ ರಕ್ಷಣೆ ವ್ಯಕ್ತಿಗೆ, ಅಂದರೆ ಇಲ್ಲಿರುವ ವಿದೇಶಿಯರಿಗೂ. 15, 16, 19ನೇ ವಿಧಿಗಳು ನಾಗರಿಕರಿಗೆ ಮಾತ್ರ. ನೋಟ್ಸಿನಲ್ಲಿ ಎರಡೂ ಕಡೆ "ಎಲ್ಲರಿಗೂ" ಎಂದಾಗಿರುತ್ತದೆ. ಕ್ರಿಯಾಪದದ ಬಲವನ್ನೂ ಗಮನಿಸಿ. 16ನೇ ವಿಧಿಯ 4ನೇ ಉಪವಿಧಿ, ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲ ಎಂದು ರಾಜ್ಯಕ್ಕೆ ಅನ್ನಿಸಿದ ಹಿಂದುಳಿದ ವರ್ಗಗಳಿಗೆ ಹುದ್ದೆ ಮೀಸಲಿಡುವುದಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ. "ಅಡ್ಡಿಯಿಲ್ಲ" ಎಂಬುದು ಎರಡು ಕೈ ದಾಟುವಷ್ಟರಲ್ಲಿ "ಮೀಸಲಿಡಬೇಕು" ಆಗುತ್ತದೆ.

ಒಂದು "ಹೊರತು" ಉಳಿದ ಸಾಲು

ಅನುಭವಸ್ಥರೂ ದಾಟಿಹೋಗುವ ಸಾಲು ಇಂಥದ್ದು: "ತುರ್ತು ಪರಿಸ್ಥಿತಿಯಲ್ಲಿ 20 ಮತ್ತು 21ನೇ ವಿಧಿಗಳ ಹೊರತು ಎಲ್ಲ ಮೂಲಭೂತ ಹಕ್ಕುಗಳೂ ರದ್ದಾಗುತ್ತವೆ." ಇಲ್ಲೊಂದು ವಿನಾಯಿತಿ ಕಾಣುತ್ತದೆ, ಅದೂ ಸರಿಯಾಗಿದೆ. ಹೀಗಾಗಿ ಬರೆದವರು ಎಚ್ಚರ ವಹಿಸಿದ್ದಾರೆ ಎಂದು ನಂಬಿ ಮುಂದೆ ಹೋಗುತ್ತೇವೆ. ಗಟ್ಟಿ ಮಾತುಗಳಿಗೆ ಗೆರೆ ಎಳೆದಿದ್ದರೆ "ಎಲ್ಲ", "ರದ್ದು" ಎರಡೂ ಸಿಕ್ಕಿರುತ್ತವೆ. ಎರಡನ್ನೂ ಹಿಡಿದು ಮೂಲಕ್ಕೆ ಹೋಗೋಣ.

ಮೊದಲು ತುರ್ತು ಪರಿಸ್ಥಿತಿ ಎಂದರೆ ಯಾವುದು? 352ನೇ ವಿಧಿಯ ರಾಷ್ಟ್ರೀಯ ತುರ್ತು ಪರಿಸ್ಥಿತಿಯಿದೆ, 356ನೇ ವಿಧಿಯ ರಾಷ್ಟ್ರಪತಿ ಆಡಳಿತವಿದೆ, 360ನೇ ವಿಧಿಯ ಹಣಕಾಸಿನ ತುರ್ತು ಪರಿಸ್ಥಿತಿಯಿದೆ. ಹಕ್ಕುಗಳ ಮೇಲೆ ಈ ರೀತಿಯ ಪರಿಣಾಮ ಇರುವುದು ಮೊದಲನೆಯದಕ್ಕೆ ಮಾತ್ರ. ನೋಟ್ಸಿನ ಸಾಲು ಮೂರನ್ನೂ ಒಂದೇ ಮೂಟೆಗೆ ಕಟ್ಟಿದೆ.

ಇನ್ನು "ರದ್ದಾಗುತ್ತವೆ". ಮೂಲದಲ್ಲಿ ಇದು ಎರಡು ಬೇರೆ ವಿಧಿಗಳಲ್ಲಿದೆ. 358ರ ಪ್ರಕಾರ, ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ಘೋಷಣೆಯಾದಾಗ 19ನೇ ವಿಧಿಯ ತಡೆ ತಾನಾಗಿಯೇ ಸರಿಯುತ್ತದೆ. ಸಶಸ್ತ್ರ ದಂಗೆಯ ಕಾರಣಕ್ಕಾದರೆ ಹಾಗಾಗುವುದಿಲ್ಲ. 359ರ ಪ್ರಕಾರ ಉಳಿದ ಹಕ್ಕುಗಳ ವಿಷಯದಲ್ಲಿ ರಾಷ್ಟ್ರಪತಿ ಪ್ರತ್ಯೇಕ ಆದೇಶ ಹೊರಡಿಸಬೇಕು. ಆ ಆದೇಶದಲ್ಲಿ ಹೆಸರಿಸಿದ ಹಕ್ಕುಗಳನ್ನು ಜಾರಿಗೊಳಿಸಿ ಎಂದು ಕೋರ್ಟಿಗೆ ಹೋಗುವುದಕ್ಕೆ ಮಾತ್ರ ತಡೆ ಬೀಳುತ್ತದೆ. 20 ಮತ್ತು 21 ಈ ಆದೇಶಕ್ಕೆ ಸಿಗುವುದಿಲ್ಲ ಎಂಬುದು 1978ರ 44ನೇ ತಿದ್ದುಪಡಿಯಿಂದ ಬಂದದ್ದು.

ನೋಟ್ಸ್ ಬರೆದವರು ಎರಡು ವಿಧಿಗಳನ್ನು ಒಂದು ವಾಕ್ಯಕ್ಕೆ ಹೊಲಿದಿದ್ದಾರೆ. 358ರಿಂದ "ತಾನಾಗಿಯೇ" ಎಂಬ ಭಾವ ಬಂದಿದೆ, 359ರಿಂದ "20 ಮತ್ತು 21ರ ಹೊರತು" ಬಂದಿದೆ. ಒಂದರ ಕ್ರಿಯಾಪದಕ್ಕೆ ಇನ್ನೊಂದರ ವಿನಾಯಿತಿ ಅಂಟಿ, ಎರಡರಲ್ಲೂ ಇಲ್ಲದ ಮೂರನೆಯದೊಂದು ನಿಯಮ ಹುಟ್ಟಿಕೊಂಡಿದೆ. ಹಾಗಾಗಿ ನೋಟ್ಸಿನ ಒಂದು ವಾಕ್ಯ ಮೂಲದ ಎರಡು ಪ್ಯಾರಾಗಳಿಂದ ಬಂದಿದ್ದರೆ ಅದನ್ನು ಎರಡು ಪಟ್ಟು ಅನುಮಾನದಿಂದ ನೋಡಿ. ಪತ್ತೆ ಹಚ್ಚಲು ಸುಲಭ ದಾರಿಯಿದೆ. ನೋಟ್ಸಿನ ಪ್ರತಿ ವಾಕ್ಯದ ಪಕ್ಕ ಮೂಲದ ಪುಟಸಂಖ್ಯೆ ಬರೆಯುತ್ತಾ ಹೋಗಿ, ಒಂದೇ ವಾಕ್ಯಕ್ಕೆ ಎರಡು ಪುಟಸಂಖ್ಯೆ ಬಿದ್ದ ಕಡೆ ನಿಲ್ಲಿ.

ಎಲ್ಲವನ್ನೂ ಮರಳಿ ಸೇರಿಸಬೇಕೆ?

ಬೇಡ. ಸೇರಿಸುತ್ತಾ ಹೋದರೆ ಮೂರು ಪುಟ ಮತ್ತೆ ಇಪ್ಪತ್ತಾಗುತ್ತದೆ. ನಾನು ಅನುಸರಿಸುವ ಪರೀಕ್ಷೆ ಒಂದೇ: ಈ ಸಾಲನ್ನು ಮಾತ್ರ ಓದಿದವರು, ಇದನ್ನು ನಂಬಿ, ಎಲ್ಲಾದರೂ ತಪ್ಪು ಉತ್ತರ ಕೊಡುತ್ತಾರೆಯೇ? ಕೊಡುವುದಾದರೆ ಆ ಷರತ್ತು ಮರಳಬೇಕು. ಉತ್ತರ ಬದಲಾಗದೆ ವಿವರ ಮಾತ್ರ ಕಡಿಮೆಯಾಗುವುದಾದರೆ ಬಿಡಬಹುದು.

ನಮ್ಮ ಏಳನ್ನು ಹೀಗೆ ನೋಡೋಣ. ಮ್ಯಾಜಿಸ್ಟ್ರೇಟರ ಅಪ್ಪಣೆ, ಮುನ್ನೆಚ್ಚರಿಕೆ ಬಂಧನ, ಸಲಹಾ ಮಂಡಳಿ ಈ ಮೂರೂ ಮರಳಲೇಬೇಕು, ಅವಿಲ್ಲದೆ ಉತ್ತರ ಅಡಿಮೇಲಾಗುತ್ತದೆ. ವಿನಾಯಿತಿ ಎರಡು ಉಪವಿಧಿಗಳಿಗೆ ಮಾತ್ರ ಎಂಬುದೂ ಮರಳಬೇಕು, ಅದಕ್ಕೆ ಖರ್ಚಾಗುವುದು ಒಂದೆರಡು ಪದ. ಪ್ರಯಾಣದ ಸಮಯ? "24 ಗಂಟೆಯಲ್ಲಿ ಪ್ರಯಾಣದ ಅವಧಿಯೂ ಸೇರಿದೆ, ಸರಿಯೋ ತಪ್ಪೋ" ಎಂದು ಕೇಳಬಹುದಾದ್ದರಿಂದ ಅದೂ ಬೇಕು. "ಹತ್ತಿರದ" ಎಂಬುದನ್ನು ಬಿಟ್ಟರೂ ನಡೆಯುತ್ತದೆ ಎಂದು ನಮ್ಮ ಗುಂಪಿನಲ್ಲಿ ಕೆಲವರು ವಾದಿಸಿದ್ದುಂಟು. ನಾನು ಒಪ್ಪುವುದಿಲ್ಲ. ಪಾವಗಡದ ಕಡೆ ದಸ್ತಗಿರಿಯಾದವರನ್ನು ಜಿಲ್ಲಾ ಕೇಂದ್ರ ಎಂಬ ಕಾರಣಕ್ಕೆ ತುಮಕೂರಿಗೇ ಕರೆತಂದು, ಆ ದಾರಿಯ ಹೊತ್ತನ್ನೆಲ್ಲ 24 ಗಂಟೆಯಿಂದ ಕಳೆಯಬಹುದು ಎಂದು ಯಾರಾದರೂ ತಿಳಿದರೆ, ಅದನ್ನು ತಡೆಯುವುದು ಆ ಒಂದು ಪದವೇ. ಪ್ರಯಾಣದ ವಿನಾಯಿತಿಗೆ ಮೂಗುದಾರ ಹಾಕಿರುವುದು "ಹತ್ತಿರದ" ಎಂಬ ಮಾತು. ಒಂದನ್ನು ಇಟ್ಟು ಇನ್ನೊಂದನ್ನು ಬಿಡುವುದು ತಪ್ಪು.

ಬಿಟ್ಟದ್ದು ಯಾವುದು ಹಾಗಾದರೆ? ಸಲಹಾ ಮಂಡಳಿಯಲ್ಲಿ ಇರುವವರು ಹೈಕೋರ್ಟ್ ನ್ಯಾಯಾಧೀಶರಾಗಿರುವವರು, ಆಗಿದ್ದವರು ಅಥವಾ ಆಗಲು ಅರ್ಹರು ಎಂಬ ವಿವರ ಮೂಲದಲ್ಲಿದೆ. ಅದಿಲ್ಲದೆಯೂ ಮೇಲಿನ ಸಾಲುಗಳು ಸುಳ್ಳಾಗುವುದಿಲ್ಲ. ಜಾಗವಿದ್ದರೆ ಇರಲಿ, ಇಲ್ಲದಿದ್ದರೆ ಬಿಡಿ.

ತಿದ್ದಿ ಬರೆಯುವುದು

ಷರತ್ತನ್ನು ಅಡಿಟಿಪ್ಪಣಿಗೋ ಪುಟದ ಕೊನೆಗೋ ತಳ್ಳಬೇಡಿ. ಮುಂದಿನ ಜೆರಾಕ್ಸಿನಲ್ಲಿ ಮೊದಲು ಮಾಯವಾಗುವುದು ಅದೇ. ನಿಯಮ ಇರುವ ವಾಕ್ಯದ ಒಳಗೇ ಕೂರಿಸಿ:

- ದಸ್ತಗಿರಿಯಾದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದಕ್ಕೂ ಹೆಚ್ಚು ವಶದಲ್ಲಿಡಲು ಅವರ ಅಪ್ಪಣೆ ಬೇಕು.
- ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು. ತಮಗೆ ಬೇಕಾದ ವಕೀಲರನ್ನು ಕಾಣುವ ಹಕ್ಕಿದೆ.
- ಈ ಎರಡು ರಕ್ಷಣೆಗಳು ಮಾತ್ರ ಶತ್ರು ದೇಶದ ಪ್ರಜೆಗೂ ಮುನ್ನೆಚ್ಚರಿಕೆ ಬಂಧಿತರಿಗೂ ಇಲ್ಲ.
- ಮುನ್ನೆಚ್ಚರಿಕೆ ಬಂಧನ 3 ತಿಂಗಳು ಮೀರಬೇಕಾದರೆ ಸಲಹಾ ಮಂಡಳಿ ಅಷ್ಟರೊಳಗೆ ಒಪ್ಪಿ ವರದಿ ಕೊಟ್ಟಿರಬೇಕು.

ಇದು ಮೊದಲಿನ ನಾಲ್ಕು ಸಾಲಿಗಿಂತ ಸುಮಾರು ಎರಡರಷ್ಟು ಉದ್ದವಾಯಿತು, ಆದರೂ ನಾಲ್ಕೇ ಅಂಶ. ಕೊನೆಯ ಸಾಲಿನಲ್ಲಿ "ಗರಿಷ್ಠ" ಹೋಗಿ "ಮೀರಬೇಕಾದರೆ" ಬಂದದ್ದನ್ನು ಗಮನಿಸಿ. ಷರತ್ತು ಸೇರಿಸಲು ಜಾಗವಿಲ್ಲ ಎನ್ನಿಸಿದಾಗ ಹೆಚ್ಚಿನ ಸಲ ಬೇಕಾಗುವುದು ಜಾಗವಲ್ಲ, ಕ್ರಿಯಾಪದದ ಬದಲಾವಣೆ.

ತಿದ್ದಿದ ಹಾಳೆಯನ್ನು ಮೂಲ ಓದದ ಒಬ್ಬರಿಗೆ ಕೊಟ್ಟು, ನೀವು ಸಂಖ್ಯೆ ಹಾಕಿದ ಷರತ್ತುಗಳಿಂದಲೇ ನಾಲ್ಕೈದು ಸರಿ-ತಪ್ಪು ಪ್ರಶ್ನೆ ಕೇಳಿ. ಅವರು ಎಡವಿದ ಕಡೆ ವಾಕ್ಯ ಇನ್ನೂ ಸರಿಯಾಗಿಲ್ಲ. ಮೂಲ ಓದಿದವರಿಗೆ ಕೊಟ್ಟರೆ ಪ್ರಯೋಜನವಿಲ್ಲ, ಕಳೆದದ್ದನ್ನು ಅವರ ನೆನಪೇ ತುಂಬಿಕೊಂಡುಬಿಡುತ್ತದೆ.

ಮೂಲ ಎಂದುಕೊಂಡದ್ದು ಮೂಲವೇ?

ನಿಮ್ಮ ದಪ್ಪ ಪುಸ್ತಕವೂ ಯಾವುದೋ ಒಂದರ ಸಂಕ್ಷೇಪವೇ. ಅನುಮಾನ ಬಂದ ಒಂದೆರಡು ಕಡೆಯಾದರೂ ಸಂವಿಧಾನದ ಪಠ್ಯವನ್ನೇ ತೆಗೆದು ನೋಡಿ. ಕೆಲವು ಪುಸ್ತಕಗಳಲ್ಲಿ ಮೇಲಿನ 3 ತಿಂಗಳ ಜಾಗದಲ್ಲಿ 2 ತಿಂಗಳು ಎಂದು ಕಾಣಬಹುದು. ಅದು ಅಚ್ಚಿನ ತಪ್ಪಲ್ಲ. 44ನೇ ತಿದ್ದುಪಡಿ ಕಾಯ್ದೆಯ 3ನೇ ಸೆಕ್ಷನ್ ಆ ಅವಧಿಯನ್ನು 2 ತಿಂಗಳಿಗೆ ಇಳಿಸಿತ್ತು, ಆದರೆ ಆ ಸೆಕ್ಷನ್ನನ್ನು ಜಾರಿಗೆ ತರುವ ಅಧಿಸೂಚನೆ ಹೊರಟಿಲ್ಲ. ತಿದ್ದುಪಡಿ ಅಂಗೀಕಾರವಾಗಿದೆ, ಅದರ ಈ ಭಾಗ ಮಾತ್ರ ಜಾರಿಗೆ ಬಂದಿಲ್ಲ. ಹಾಗಾಗಿ ಇಂದಿಗೂ ಅನ್ವಯಿಸುವುದು 3 ತಿಂಗಳೇ. ಕೇಂದ್ರ ಸರ್ಕಾರ ಪ್ರಕಟಿಸುವ ಸಂವಿಧಾನದ ಪ್ರತಿಯಲ್ಲಿ 22ನೇ ವಿಧಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದನ್ನು ಹಾಕಿರುತ್ತಾರೆ. ಅಡಿಟಿಪ್ಪಣಿ ಓದದೆ ಸಂಕ್ಷೇಪಿಸಿದವರು 2 ತಿಂಗಳು ಎಂದು ಬರೆಯುತ್ತಾರೆ, ತಿದ್ದುಪಡಿಯ ಸುದ್ದಿಯನ್ನೇ ಕೇಳದವರು 3 ಎಂದು ಸರಿಯಾಗಿ ಬರೆದುಬಿಡುತ್ತಾರೆ! ನೋಟ್ಸಿಗೂ ಪುಸ್ತಕಕ್ಕೂ ಇಂಥ ವ್ಯತ್ಯಾಸ ಕಂಡಾಗ ತಕ್ಷಣ ನೋಟ್ಸನ್ನು ತಿದ್ದಬೇಡಿ. ಎರಡೂ ಅಂಕಿಗಳನ್ನು ಅಂಚಿನಲ್ಲಿ ಬರೆದು, ಪುಸ್ತಕದ ಮುದ್ರಣದ ವರ್ಷವನ್ನು ಪಕ್ಕದಲ್ಲಿ ಹಾಕಿ, ಸಂವಿಧಾನದ ಪಠ್ಯ ನೋಡುವವರೆಗೆ ಆ ಸಾಲನ್ನು ಜೆರಾಕ್ಸಿಗೆ ಕೊಡದೆ ಇಟ್ಟುಕೊಳ್ಳಿ.